ಪಾಗಾರದ 22 ಇಂಚು

ಪ್ರಶ್ನೆ: ಪರ್ಕಳದ ಬಳಿ ಗುಡ್ಡದ ಬದಿಯಲ್ಲಿ ನಮ್ಮದು ಹತ್ತು ಸೆಂಟ್ಸ್ ಜಾಗ. ಪಡುಬದಿಯ ಕೆಂಪುಕಲ್ಲಿನ ಪಾಗಾರ ಕಳೆದ ಮಳೆಗಾಲದಲ್ಲಿ ಕುಸಿಯಿತು. ಹಳೆಯ ಪಂಚಾಂಗದ ಮೇಲೆಯೇ ಮತ್ತೆ ಕಟ್ಟಿಸಲು ಹೊರಟಾಗ, ಪಾಗಾರ ತಮ್ಮ ಜಾಗದೊಳಗೆ ಒಂದೂವರೆ ಅಡಿ ಬಂದಿದೆ ಎಂದು ಕೆಳಮನೆಯವರು ತಡೆದರು. ನಾವು ಅಳೆದರೆ ನಮ್ಮದು ಸರಿ ಇದೆ, ಅವರು ಅಳೆದರೆ ಅವರದು ಕಡಿಮೆ ಬರುತ್ತದೆ. ಮೊಬೈಲಿನ ನಕ್ಷೆಯಲ್ಲಿ ನೋಡಿದರೆ ಗಡಿ ನಮ್ಮ ಬಾವಿಯ ಮೇಲೆಯೇ ಹೋಗುತ್ತದೆ. ಪಾಗಾರಕ್ಕೆ ಇಪ್ಪತ್ತು ವರ್ಷ ಆಗಿರುವುದರಿಂದ ಈಗ ಅದೇ ಗಡಿ ಎಂದು ಪರಿಚಿತರೊಬ್ಬರು ಹೇಳುತ್ತಾರೆ. ಸರ್ವೆಗೆ ಅರ್ಜಿ ಕೊಡುವುದೋ, ಕೋರ್ಟಿಗೆ ಹೋಗುವುದೋ, ನಾವೇ ಅಳೆದು ತೀರ್ಮಾನಿಸಬಹುದೋ?

ಉತ್ತರ: ಎಲ್ಲಕ್ಕಿಂತ ಮೊದಲು ಒಂದು ಮಾತು. ಕುಸಿದ ಪಾಗಾರದ ಕಲ್ಲುಗಳನ್ನು ಬೇಕಿದ್ದರೆ ತೆಗೆಸಿ ಬದಿಗಿಡಿ, ಆದರೆ ನೆಲದೊಳಗಿರುವ ಪಂಚಾಂಗವನ್ನು ಕೀಳಿಸಬೇಡಿ. ಹಳೆಯ ಪಾಗಾರ ಎಲ್ಲಿತ್ತು ಎನ್ನುವುದಕ್ಕೆ ಈಗ ಉಳಿದಿರುವ ಸಾಕ್ಷಿ ಅದೊಂದೇ. ಅದನ್ನು ಕಿತ್ತ ಮೇಲೆ ನಿಮ್ಮ ಮಾತು ಮತ್ತು ಅವರ ಮಾತು ಮಾತ್ರ ಉಳಿಯುತ್ತದೆ. ಜೆಸಿಬಿಯವನು ಒಂದು ಗಂಟೆಯ ಬಾಡಿಗೆಯಲ್ಲಿ ಇಪ್ಪತ್ತು ವರ್ಷದ ಪುರಾವೆಯನ್ನು ಲಾರಿಗೆ ತುಂಬಿಸಿ ಕಳುಹಿಸಿದ ಪ್ರಕರಣಗಳನ್ನು ನಾನು ನೋಡಿದ್ದೇನೆ.

ಮೊಬೈಲಿನ ನಕ್ಷೆಯನ್ನು ಈ ತಕರಾರಿನಿಂದ ಹೊರಗಿಡಿ. ದಿಶಾಂಕ್‌ನಂಥ ಆ್ಯಪ್‌ಗಳು ನೀವು ಯಾವ ಸರ್ವೆ ನಂಬರಿನಲ್ಲಿ ನಿಂತಿದ್ದೀರಿ ಎಂದು ತಿಳಿಯಲು ಉಪಯುಕ್ತವೇ ಹೊರತು ಗಡಿ ಗುರುತಿಸಲು ಅಲ್ಲ. ಮೊಬೈಲು ತನ್ನ ಸ್ಥಾನವನ್ನು ಕಂಡುಕೊಳ್ಳುವಲ್ಲಿಯೇ ಕೆಲವು ಮೀಟರುಗಳಷ್ಟು ಹೆಚ್ಚುಕಡಿಮೆಯಾಗುತ್ತದೆ, ಮರಗಳ ಕೆಳಗೆ ಮತ್ತು ಗೋಡೆಯ ಪಕ್ಕದಲ್ಲಿ ಅದು ಇನ್ನೂ ಹೆಚ್ಚು. ನಿಮ್ಮ ಜಗಳ ಇರುವುದು ಒಂದೂವರೆ ಅಡಿಗೆ. ಅರ್ಧ ಕಿಲೋ ತೂಗಲು ಲಾರಿ ತೂಗುವ ಕಾಟಾ ಬಳಸಿದಂತೆ ಆಗುತ್ತದೆ.

ಇಪ್ಪತ್ತು ವರ್ಷದ ಮಾತು ಅಷ್ಟು ಸುಲಭವಾಗಿ ತಳ್ಳಿಹಾಕುವಂಥದ್ದಲ್ಲ, ಆದರೆ ಪರಿಚಿತರು ಹೇಳಿದಷ್ಟು ಸರಳವೂ ಅಲ್ಲ. 1963ರ ಕಾಲಮಿತಿ ಕಾಯಿದೆಯಲ್ಲಿ 12 ವರ್ಷಗಳ ಲೆಕ್ಕ ಇದೆ ಎನ್ನುವುದು ನಿಜ. ಆದರೆ ಪ್ರತಿಕೂಲ ಸ್ವಾಧೀನವನ್ನು ಸಾಧಿಸಬೇಕಾದರೆ, ಆ ಜಾಗ ಇನ್ನೊಬ್ಬರದೆಂದಿದ್ದರೂ ನಾನು ಅದನ್ನು ಬಹಿರಂಗವಾಗಿ, ಅವರ ಹಕ್ಕಿಗೆ ವಿರುದ್ಧವಾಗಿ, ಎಡೆಬಿಡದೆ ಅನುಭವಿಸಿದ್ದೇನೆ ಎಂದು ಕೋರ್ಟಿನಲ್ಲಿ ರುಜುವಾತು ಪಡಿಸಬೇಕಾಗುತ್ತದೆ. ಇಬ್ಬರೂ ಪಾಗಾರ ಗಡಿಯಲ್ಲಿಯೇ ಇದೆ ಎಂದು ತಪ್ಪಾಗಿ ನಂಬಿಕೊಂಡು ಬಂದಿದ್ದರೆ, ಅಥವಾ ಗೋಡೆ ಮಳೆಗೆ ತಾನಾಗಿ ವಾಲಿ ಆಚೆಗೆ ಹೋಗಿದ್ದರೆ, ಅಷ್ಟರಿಂದಲೇ ಆ ಜಾಗ ನಿಮ್ಮದಾಗುವುದಿಲ್ಲ. ಈ ವಾದವನ್ನು ಕೊನೆಯ ಉಪಾಯವಾಗಿ ನಿಮ್ಮ ವಕೀಲರಿಗೆ ಬಿಟ್ಟುಬಿಡಿ, ನೆರೆಯವರ ಎದುರು ಆಡಬೇಡಿ. ಆಡಿದ ಕೂಡಲೇ ಅವರಿಗೆ ನೀವು ಒತ್ತುವರಿಯನ್ನು ಒಪ್ಪಿಕೊಂಡಂತೆ ಕೇಳಿಸುತ್ತದೆ.

ಇನ್ನು ನೀವು ಅಳೆದರೆ ಸರಿ, ಅವರು ಅಳೆದರೆ ಕಡಿಮೆ ಎನ್ನುವ ಒಗಟು. ಇದಕ್ಕೆ ಯಾರೂ ಸುಳ್ಳು ಹೇಳಬೇಕಾಗಿಲ್ಲ. ಇಬ್ಬರೂ ಪ್ರಾಮಾಣಿಕವಾಗಿ ಅಳೆದು ಎರಡು ಬೇರೆ ಉತ್ತರ ಪಡೆಯಬಹುದು ಎನ್ನುವುದನ್ನು ನಾನು ಕೆಲವು ವರ್ಷಗಳ ಹಿಂದೆ ಮಂಗಳೂರಿನ ಕುಲಶೇಖರದ ಕಡೆ ಒಂದು ಇಳಿಜಾರು ಜಾಗದಲ್ಲಿ ಇಂಚು ಇಂಚಾಗಿ ಬಿಡಿಸಿ ನೋಡಿದ್ದೇನೆ. ನಿಮ್ಮ ಸ್ಥಿತಿಗೆ ಬಹಳ ಹತ್ತಿರದ ಪ್ರಕರಣವಾದ್ದರಿಂದ ಅದನ್ನೇ ವಿವರವಾಗಿ ಹೇಳುತ್ತೇನೆ.

ಬಡಗು ಬದಿಗೆ ರಸ್ತೆ, ಪಡು ಬದಿಗೆ ಓಣಿ. ಮೂಡುಮನೆಯಲ್ಲಿ ನಿವೃತ್ತ ಶಾಲಾ ಮಾಸ್ಟ್ರು, ಪಡುಮನೆಯಲ್ಲಿ ಹೊಲಿಗೆ ಅಂಗಡಿ ಇಟ್ಟುಕೊಂಡ ಒಬ್ಬ ಅಕ್ಕ. ಮಾಸ್ಟ್ರ ಅಂಗಳ ಎತ್ತರದಲ್ಲಿ, ಅಕ್ಕನ ಅಂಗಳ ಸುಮಾರು ನಾಲ್ಕು ಅಡಿ ತಗ್ಗಿನಲ್ಲಿ, ನಡುವೆ 70 ಅಡಿ ಉದ್ದದ ಕೆಂಪುಕಲ್ಲಿನ ಪಾಗಾರ. ಮೂಲ ಮಾಲಕರು ಒಂದೇ ದಿನ, ಒಂದೇ ನಕ್ಷೆಯನ್ನು ಎರಡೂ ಕ್ರಯಪತ್ರಗಳಿಗೆ ಲಗತ್ತಿಸಿ, ತಲಾ 50 ಅಡಿ ಅಗಲ 70 ಅಡಿ ಉದ್ದ ಎಂದು ಮಾರಿದ್ದರು. 3,500 ಚದರ ಅಡಿ ಎಂದರೆ ನಮ್ಮ ಲೆಕ್ಕದ ಎಂಟು ಸೆಂಟ್ಸ್. ಪಾಗಾರವನ್ನು ಮಾಸ್ಟ್ರೇ ತಮ್ಮ ಖರ್ಚಿನಲ್ಲಿ ತಮ್ಮ ಜಾಗದೊಳಗೆ, ಪಡುಮುಖ ಗಡಿಗೆ ಸರಿಯಾಗಿ ಬರುವಂತೆ ಕಟ್ಟಿಸಿದ್ದರು. ಈ ವಿಷಯದಲ್ಲಿ ಇಬ್ಬರಿಗೂ ಭಿನ್ನಾಭಿಪ್ರಾಯ ಇರಲಿಲ್ಲ, ಅದು ನನ್ನ ಅದೃಷ್ಟ. ಗೋಡೆ ಯಾರದು, ಗೋಡೆಯ ಯಾವ ಮುಖ ಗಡಿ, ಅಥವಾ ಗೋಡೆಯ ಮಧ್ಯ ಗಡಿಯೋ ಎನ್ನುವುದು ತೀರ್ಮಾನವಾಗದೆ ಟೇಪು ಬಿಚ್ಚಿದರೆ ಗೋಡೆಯ ದಪ್ಪದಷ್ಟು, ಅಂದರೆ ಒಂಬತ್ತು ಇಂಚಿನ ಜಗಳ ಹಾಗೆಯೇ ಉಳಿಯುತ್ತದೆ.

ನಾನು ಹೋಗುವ ಹೊತ್ತಿಗೆ ಅವರ ನಡುವೆ ಮಾತುಕತೆ ನಿಂತು ಎರಡು ತಿಂಗಳಾಗಿತ್ತು. ಬಟ್ಟೆ ಒಗೆಯುವ ಕಲ್ಲಿನ ಬಳಿ, ಅಂದರೆ ರಸ್ತೆಯಿಂದ ಸುಮಾರು 30 ಅಡಿ ಒಳಗೆ, ಅಕ್ಕ ತಮ್ಮ ಅಗಲವನ್ನು ಅಳೆದಿದ್ದರು. 48 ಅಡಿ 2 ಇಂಚು ಬಂದಿತ್ತು. 50ಕ್ಕೆ 22 ಇಂಚು ಕಡಿಮೆ. ಮಾಸ್ಟ್ರು ರಸ್ತೆಯ ಅಂಚಿನಲ್ಲಿ ತಮ್ಮ ಮೂಡು ಕಲ್ಲಿನಿಂದ ಪಾಗಾರದ ಆಚೆಯ ಮುಖದವರೆಗೆ ಅಳೆದಿದ್ದರು. 50 ಅಡಿ 2 ಇಂಚು. ಮಾತು ನಡೆದದ್ದು ತುಳುವಿನಲ್ಲಿ, ಸಾರ ಇಷ್ಟು.

“ನನ್ನಲ್ಲಿ ಎರಡಿಂಚು ಹೆಚ್ಚಿದೆ ಅಕ್ಕ, ಆ ಎರಡಿಂಚು ಬಿಟ್ಟುಕೊಡುತ್ತೇನೆ. ಇಪ್ಪತ್ತೆರಡು ಎಲ್ಲಿಂದ ತರಲಿ?” ಎಂದು ಮಾಸ್ಟ್ರು ಕೇಳಿದರು.

“ಮೂವತ್ತು ವರ್ಷದಿಂದ ಟೇಪು ಹಿಡಿದೇ ಊಟ ಮಾಡುವವಳು ನಾನು ಮಾಸ್ಟ್ರೇ. ಬೇರೆ ಏನು ಬೇಕಾದರೂ ಹೇಳಿ, ಅಳತೆ ತಪ್ಪಿದೆ ಎಂದು ಮಾತ್ರ ಹೇಳಬೇಡಿ” ಎಂದರು ಅಕ್ಕ.

ಅವರ ಅಳತೆ ನಿಜಕ್ಕೂ ಕರಾರುವಾಕ್ಕಾಗಿತ್ತು. ತಪ್ಪಿದ್ದು ಅಳೆಯಲು ಶುರುಮಾಡಿದ ಜಾಗ.

ಪಾಗಾರವನ್ನು ಮುಟ್ಟುವ ಮೊದಲು ನಾವು ಕಲ್ಲುಗಳನ್ನು ಹುಡುಕಿದೆವು. ಒಟ್ಟು ಜಾಗದ ನಾಲ್ಕು ಮೂಲೆಗಳಲ್ಲಿ ಕಲ್ಲು ಹಾಕಿದ್ದಾಗಿ ನಕ್ಷೆಯಲ್ಲಿತ್ತು. ಇಡೀ ಗುಡ್ಡ ಕೆಂಪುಕಲ್ಲಿನದಾದ ನಮ್ಮ ಕಡೆ ಗಡಿಗೆ ಹಾಕಿದ ಕರಿಯ ಶಿಲೆಕಲ್ಲು ಬೇಗ ಕಣ್ಣಿಗೆ ಬೀಳುತ್ತದೆ, ಅದು ಹೊರಗಿನಿಂದ ತಂದು ನೆಟ್ಟದ್ದೇ ಆಗಿರಬೇಕು. ಮೂಡು ಬದಿಯ ಎರಡು ಕಲ್ಲುಗಳು ಮೇಲೆಯೇ ಇದ್ದವು. ಪಡು ಬದಿಯ ರಸ್ತೆ ಮೂಲೆಯ ಕಲ್ಲು ಚರಂಡಿಯ ಚಪ್ಪಡಿಯ ಕೆಳಗೆ ಸಿಕ್ಕಿತು. ತೆಂಕು ಪಡು ಮೂಲೆಯದು ಕಾಣಲಿಲ್ಲ. ಅದಕ್ಕೆ ಎರಡು ಟೇಪು ಬೇಕಾಯಿತು. ಚರಂಡಿಯ ಕಲ್ಲಿನಿಂದ ಓಣಿಯುದ್ದಕ್ಕೆ 70 ಅಡಿ, ತೆಂಕು ಮೂಡು ಕಲ್ಲಿನಿಂದ ಮನೆಗಳ ಹಿಂಬದಿಯಲ್ಲಿ 100 ಅಡಿ ಹಿಡಿದು, ಎರಡೂ ಟೇಪುಗಳ ತುದಿ ಕೂಡುವ ಜಾಗದಲ್ಲಿ ತೆಂಗಿನಸಿಪ್ಪೆಯ ರಾಶಿ ಸರಿಸಿ ಅಗೆಸಿದೆ. ಒಂದು ಗೇಣು ಆಳದಲ್ಲಿ, ನಾವು ಗುರುತು ಮಾಡಿದ ಜಾಗದಿಂದ ಕೆಲವೇ ಇಂಚು ಮೂಡಕ್ಕೆ, ಕಲ್ಲಿನ ತಲೆ ಹಾರೆಗೆ ತಾಗಿತು. ಕಲ್ಲು ಮೇಲೆ ಕಾಣುವುದಿಲ್ಲ ಎಂದ ಮಾತ್ರಕ್ಕೆ ಕಲ್ಲು ಇಲ್ಲ ಎಂದು ತೀರ್ಮಾನಿಸಬಾರದು. ಮೇಲೆ ಕಾಣುತ್ತಿದೆ ಎಂದ ಮಾತ್ರಕ್ಕೆ ಅದು ಇದ್ದ ಜಾಗದಲ್ಲೇ ಇದೆ ಎಂದೂ ಅಲ್ಲ. ಯಾರಾದರೂ ಕಿತ್ತು ಮತ್ತೆ ನೆಟ್ಟಿದ್ದರೆ, ಉಳಿದ ಮೂರು ಕಲ್ಲುಗಳಿಂದ ಅಳೆದಾಗ ಅದೊಂದೇ ನಕ್ಷೆಗೆ ಹೊಂದುವುದಿಲ್ಲ.

ಆಮೇಲೆ ಕಲ್ಲಿನಿಂದ ಕಲ್ಲಿಗೆ ಒಟ್ಟು ಅಗಲ. ಇಲ್ಲಿ ಮಾಸ್ಟ್ರ ಲೆಕ್ಕ ಎಲ್ಲಿ ಜಾರಿತು ಎನ್ನುವುದು ಹೊರಬಿತ್ತು. ದಾಖಲೆಯಲ್ಲಿ ಬರೆಯುವ ಅಡಿ ಮಟ್ಟಸವಾಗಿ ಹಿಡಿದ ಅಳತೆ. ಏರಿನ ಮೇಲೆ ಟೇಪು ಮಲಗಿಸಿದರೆ ಸಿಗುವುದು ಇಳಿಜಾರಿನ ಉದ್ದ, ಅದು ಯಾವಾಗಲೂ ಹೆಚ್ಚು. ಮಾಸ್ಟ್ರ ಜಾಗದ ಎದುರಿನ ರಸ್ತೆ ಮೂಡಿನಿಂದ ಪಡುವಿಗೆ ಆರು ಅಡಿ ಇಳಿಯುತ್ತದೆ. ಟೇಪನ್ನು ಮಟ್ಟಸವಾಗಿ ಹಿಡಿದು, ಹತ್ತು ಹತ್ತು ಅಡಿಗೆ ಮೇಸ್ತ್ರಿಯ ತೂಗುಗುಂಡನ್ನು ಇಳಿಬಿಟ್ಟು ನೆಲಕ್ಕೆ ಗುರುತು ಹಾಕಿ, ಮೆಟ್ಟಿಲು ಇಳಿದಂತೆ ಇಳಿಯುತ್ತಾ ಅಳೆದಾಗ, ಅವರು 50 ಅಡಿ 2 ಇಂಚು ಎಂದಿದ್ದ ಅದೇ ದೂರ 49 ಅಡಿ 10 ಇಂಚು ಆಯಿತು. ಅವರಲ್ಲಿ ಎರಡಿಂಚು ಹೆಚ್ಚಿರಲಿಲ್ಲ, ಎರಡಿಂಚು ಕಡಿಮೆಯೇ ಇತ್ತು. ಇಡೀ ಅಗಲವೂ ಕಲ್ಲಿನಿಂದ ಕಲ್ಲಿಗೆ 100 ಅಡಿ ಇರಲಿಲ್ಲ, 99 ಅಡಿ 8 ಇಂಚು ಇತ್ತು. ಹಿಂಬದಿಯಲ್ಲೂ ಅಷ್ಟೇ. ಕುತೂಹಲಕ್ಕೆಂದು ರಸ್ತೆಯ ಮೇಲೆ ಟೇಪನ್ನು ಮಲಗಿಸಿ ಇಡೀ ಅಗಲ ಅಳೆದೆ, ಒಂದಿಂಚಿನ ವ್ಯತ್ಯಾಸದಲ್ಲಿ 100 ಅಡಿ ಬಂತು. ಮೂಲ ಮಾಲಕರೂ ಹಾಗೆಯೇ ಅಳೆದು ಮಾರಿದ್ದಿರಬೇಕು.

ಕಡಿಮೆಯಾದ ನಾಲ್ಕು ಇಂಚನ್ನು ಯಾರ ತಲೆಗೆ ಕಟ್ಟುವುದು? ಒಂದೇ ದಿನ ಒಂದೇ ನಕ್ಷೆಯಿಂದ ಸಮನಾಗಿ ಮಾರಿದ ಜಾಗವಾದ್ದರಿಂದ ಕೊರತೆಯನ್ನೂ ಸಮನಾಗಿ ಹಂಚಿದೆವು. ಇಬ್ಬರಿಗೂ ತಲಾ 49 ಅಡಿ 10 ಇಂಚು. ಎಲ್ಲ ಕಡೆ ಹೀಗೆ ಮಾಡಲಾಗದು. ಒಂದು ತುಂಡನ್ನು ಮೊದಲು ಅಳೆದು ಮಾರಿ, ಉಳಿದದ್ದನ್ನು ವರ್ಷಗಳ ನಂತರ ಮಾರಿದ್ದರೆ, ಮೊದಲು ಕೊಂಡವರಿಗೆ ಅವರ ಪತ್ರದ ಅಳತೆ ಪೂರ್ತಿ ಸಲ್ಲುವುದು, ಕೊರತೆ ನಂತರದವರ ಪಾಲಿಗೆ ಬರುವುದು ಸಾಮಾನ್ಯ. ಎರಡೂ ಬೇರೆ ಬೇರೆ ಸರ್ವೆ ನಂಬರುಗಳಾಗಿದ್ದರೆ ಹಂಚಿಕೆಯ ಮಾತೇ ಇಲ್ಲ, ಸರ್ವೆ ಗೆರೆ ಎಲ್ಲಿದೆಯೋ ಅದೇ ಗಡಿ. ಪತ್ರದ ಸೆಂಟ್ಸ್‌ಗೂ ನಾಲ್ಕು ದಿಕ್ಕಿನ ಗಡಿ ಹೇಳುವ ಚಕ್ಕುಬಂದಿಗೂ ಹೊಂದಿಕೆಯಾಗದಿದ್ದಾಗ ಕೋರ್ಟುಗಳು ಸಾಮಾನ್ಯವಾಗಿ ಚಕ್ಕುಬಂದಿಗೆ ಹೆಚ್ಚು ಬೆಲೆ ಕೊಡುತ್ತವೆ ಎನ್ನುವುದನ್ನೂ ನೆನಪಿಡಿ. “ನನಗೆ ಹತ್ತು ಸೆಂಟ್ಸ್ ತುಂಬಲೇಬೇಕು” ಎನ್ನುವ ಹಟಕ್ಕೆ ಅಲ್ಲಿ ಅಷ್ಟು ಬಲವಿಲ್ಲ.

ಈಗ ದಾರದ ಕೆಲಸ. ಗಡಿಗೆರೆಯ ಎರಡು ತುದಿಗಳು, ಅಂದರೆ ರಸ್ತೆ ಬದಿಯಲ್ಲೊಂದು ಮತ್ತು ಹಿಂಬದಿಯಲ್ಲೊಂದು, ಪಡು ಕಲ್ಲುಗಳಿಂದ 49 ಅಡಿ 10 ಇಂಚಿಗೆ ಗುರುತಾದವು. ನಡುವೆ ದಾರ ಎಳೆಯೋಣ ಎಂದರೆ ಆ ಗೆರೆಯ ಮೇಲೆ ಪಾಗಾರವೇ ನಿಂತಿದೆ. ದಾರ ಗೋಡೆಗೆ ಒಂದು ಕಡೆ ತಾಗಿದರೂ ಬಾಗುತ್ತದೆ, ಬಾಗಿದ ದಾರ ಗೋಡೆ ಸರಿಯಾಗಿದೆ ಎಂದೇ ತೋರಿಸುತ್ತದೆ. ಅನೇಕರು ಎಡವುವುದು ಇಲ್ಲಿಯೇ. ಆದ್ದರಿಂದ ಎರಡೂ ತುದಿಗಳಲ್ಲಿ ಗಡಿಯಿಂದ ಸರಿಯಾಗಿ ಎರಡು ಅಡಿ ಪಡುವಿಗೆ, ಅಕ್ಕನ ಅಂಗಳದಲ್ಲಿ ಗೂಟ ಹೊಡೆದು, ಗಡಿಗೆ ಸಮಾನಾಂತರವಾಗಿ ನೈಲಾನ್ ದಾರವನ್ನು ಬಿಗಿಯಾಗಿ ಎಳೆದೆವು. ಗಾಳಿ ಬೀಸಿದರೆ ಉದ್ದ ದಾರ ಬದಿಗೆ ಹೊಯ್ದಾಡುತ್ತದೆ, ಹಾಗಾಗಿ ಬೆಳಗ್ಗೆ ಬೇಗನೆ, ಗಾಳಿ ಏಳುವ ಮೊದಲು ಈ ಕೆಲಸ ಮುಗಿಸುವುದು ನನ್ನ ಪದ್ಧತಿ.

ದಾರ ಎಳೆಯುವಾಗ ನೆರೆದಿದ್ದ ಮೇಸ್ತ್ರಿ ಒಬ್ಬರು, ರಸ್ತೆಯ ಮೂಲೆಯಲ್ಲಿ ಮಟ್ಟ ಹಿಡಿದು ಅಲ್ಲಿಂದ ನೇರ ಗೆರೆ ಎಳೆದರೆ ಸಾಕಲ್ಲವೇ, ಹಿಂಬದಿಯ ಕಲ್ಲು ಯಾಕೆ ಎಂದು ಕೇಳಿದರು. ಮನೆಯ ಮೂಲೆ ಮಟ್ಟ ಹಿಡಿಯಲು ಅವರು ಬಳಸುವ 9, 12, 15 ಅಡಿಯ ತ್ರಿಕೋನ ಒಳ್ಳೆಯದೇ. ಆದರೆ ಆ 15 ಅಡಿಯ ಕರ್ಣದಲ್ಲಿ ಒಂದೇ ಇಂಚು ತಪ್ಪಿದರೂ ಗೆರೆ 70 ಅಡಿ ಮುಂದೆ ಹೋಗುವಷ್ಟರಲ್ಲಿ ಹತ್ತಿಂಚು ಪಕ್ಕಕ್ಕೆ ಸರಿದಿರುತ್ತದೆ. ಚಿಕ್ಕ ತ್ರಿಕೋನದಿಂದ ಉದ್ದ ಗಡಿಯನ್ನು ಎಳೆಯಬಾರದು. ಎರಡೂ ತುದಿಯ ಕಲ್ಲುಗಳನ್ನು ಹಿಡಿದು ನಡುವಿನದನ್ನು ನೋಡಬೇಕು.

ದಾರದಿಂದ ಪಾಗಾರದ ಬುಡಕ್ಕೆ ಹತ್ತು ಹತ್ತು ಅಡಿಗೊಮ್ಮೆ ಅಳೆದೆವು. ಟೇಪಿನ ಸೊನ್ನೆಯನ್ನು ಗೋಡೆಗೆ ಒತ್ತಿ ಹಿಡಿದು, ದಾರದ ಕಡೆಯ ತುದಿಯನ್ನು ಮೆಲ್ಲಗೆ ಅತ್ತಿತ್ತ ಆಡಿಸಿದರೆ ಎಲ್ಲಿ ಅತಿ ಕಡಿಮೆ ಓದು ಬರುತ್ತದೋ ಅದೇ ನೇರ ಅಡ್ಡ ಅಳತೆ. ಗೋಡೆ ಗಡಿಯಲ್ಲಿದ್ದರೆ ಎಲ್ಲ ಕಡೆಯೂ 24 ಇಂಚು ಬರಬೇಕು. ರಸ್ತೆಯ ತುದಿಯಲ್ಲಿ 24 ಬಂತು. ಹತ್ತು ಅಡಿಗೆ 22, ಇಪ್ಪತ್ತಕ್ಕೆ 19, ಮೂವತ್ತಕ್ಕೆ 17, ನಲವತ್ತಕ್ಕೆ ಮತ್ತೆ 19, ಐವತ್ತಕ್ಕೆ 22, ಅರವತ್ತು ಎಪ್ಪತ್ತಕ್ಕೆ 24. ಟೇಪು ಹಿಡಿದವರು ಅಕ್ಕ, ಬರೆದುಕೊಂಡವರು ಮಾಸ್ಟ್ರು. ಹಾಗೆ ನಾನೇ ಹೇಳಿದ್ದೆ. 17 ಎಂದು ಅಕ್ಕ ಓದಿದಾಗ ಮಾಸ್ಟ್ರು ಪೆನ್ನು ನಿಲ್ಲಿಸಿ, ಕೆಳಗಿಳಿದು ಬಂದು, ಕನ್ನಡಕ ಸರಿಮಾಡಿಕೊಂಡು ತಾವೇ ಒಮ್ಮೆ ಓದಿ, ಹಿಂದೆ ಹೋಗಿ 17 ಎಂದು ಬರೆದರು.

ಗೋಡೆ ನಡುವಿನಲ್ಲಿ ಹೊಟ್ಟೆ ಬಿಟ್ಟಿತ್ತು, ಬುಡದಲ್ಲಿಯೇ ಏಳು ಇಂಚು ಅಕ್ಕನ ಕಡೆಗೆ ಸರಿದಿತ್ತು. ಮೇಲಿನಿಂದ ತೂಗುಗುಂಡು ಇಳಿಬಿಟ್ಟು ನೋಡಿದರೆ ಅದೇ ಜಾಗದಲ್ಲಿ ಎದೆಮಟ್ಟಕ್ಕೆ ಇನ್ನೂ ನಾಲ್ಕು ಇಂಚು ವಾಲಿತ್ತು. ಕಾರಣ ಕಣ್ಣೆದುರೇ ಇತ್ತು. ಪಾಗಾರ ಎಂದು ಕರೆದರೂ ಅದು ಮಾಡುತ್ತಿದ್ದ ಕೆಲಸ ತಡೆಗೋಡೆಯದು, ನಾಲ್ಕು ಅಡಿ ಮಣ್ಣನ್ನು ಹಿಡಿದುಕೊಂಡು ನಿಲ್ಲುವುದು. ಕಟ್ಟುವಾಗ ನೀರು ಹೋಗಲು ಬಿಟ್ಟ ಕಿಂಡಿಗಳು ಮಣ್ಣು ತುಂಬಿ ಮುಚ್ಚಿದ್ದವು, ಮೇಲಿನಿಂದ ಮಾಸ್ಟ್ರ ಬಚ್ಚಲಿನ ನೀರು ಬಾಳೆಗಿಡಗಳಿಗೆ ಹೋಗುತ್ತಿತ್ತು. ನಮ್ಮ ಕರಾವಳಿಯ ನಾಲ್ಕು ತಿಂಗಳ ಮಳೆಯಲ್ಲಿ ನೆನೆದ ಮಣ್ಣೂ ಅದರ ಹಿಂದೆ ನಿಂತ ನೀರೂ ಸೇರಿ ಒಂಬತ್ತು ಇಂಚಿನ ಗೋಡೆಯನ್ನು ವರ್ಷವರ್ಷವೂ ಸ್ವಲ್ಪ ಸ್ವಲ್ಪವೇ ದೂಡಿದ್ದವು. ಯಾರೂ ಗಡಿ ದಾಟಿರಲಿಲ್ಲ, ಗೋಡೆ ದಾಟಿತ್ತು. ತುದಿಗಳಲ್ಲಿ ಸರಿಯಾಗಿದ್ದು ನಡುವಿನಲ್ಲಿ ಮಾತ್ರ ಹೆಚ್ಚಿರುವ ಬಾಗು ಗೋಡೆ ಸರಿದದ್ದನ್ನು ಹೇಳುತ್ತದೆ. ಬೇಕೆಂದೇ ಒತ್ತಿ ಕಟ್ಟಿದ ಗೋಡೆ ಸಾಮಾನ್ಯವಾಗಿ ನೇರವಾಗಿಯೇ ಇರುತ್ತದೆ.

ಇಷ್ಟಾದ ಮೇಲೆ ಅಕ್ಕನ 22 ಇಂಚನ್ನು ಬಿಡಿಸಿದೆವು. ಅವರು ಓಣಿ ಬದಿಯ ತಮ್ಮದೇ ಗೋಡೆಯ ಒಳಮುಖದಿಂದ ಅಳೆಯಲು ಶುರುಮಾಡಿದ್ದರು. ಆ ಗೋಡೆ ಕಲ್ಲಿನ ಗೆರೆಯಿಂದ ಒಳಗೆ, ಅವರದೇ ಜಾಗದಲ್ಲಿ ನಿಂತಿದೆ, ದಪ್ಪ ಒಂಬತ್ತು ಇಂಚು. ಅದು ಅವರು ಕಳೆದುಕೊಂಡ ಜಾಗವಲ್ಲ. ಎರಡು ಇಂಚು ಮೂಲ ಅಳತೆಯ ಕೊರತೆಯಲ್ಲಿ ಅವರ ಪಾಲು. ಟೇಪನ್ನು ಎದೆಮಟ್ಟಕ್ಕೆ ಹಿಡಿದದ್ದರಿಂದ ವಾಲಿದ ನಾಲ್ಕು ಇಂಚು. ಉಳಿದ ಏಳು ಇಂಚು ಬುಡ ಸರಿದದ್ದು. ಒಂಬತ್ತು, ಎರಡು, ನಾಲ್ಕು, ಏಳು ಕೂಡಿಸಿದರೆ 22. ಅಕ್ಕನ ಟೇಪು ಒಂದಿಂಚೂ ಸುಳ್ಳು ಹೇಳಿರಲಿಲ್ಲ.

ಜಾಗದ ಲೆಕ್ಕದಲ್ಲಿ ನೋಡಿದರೆ ವ್ಯತ್ಯಾಸ ಇನ್ನೂ ಸ್ಪಷ್ಟ. 22 ಇಂಚು 70 ಅಡಿ ಉದ್ದಕ್ಕೂ ಹೋಗಿದೆ ಎಂದು ಅವರು ತಿಳಿದಿದ್ದರು, ಅದು ಸುಮಾರು 128 ಚದರ ಅಡಿ, ಕಾಲು ಸೆಂಟಿಗಿಂತ ಹೆಚ್ಚು. ಮಂಗಳೂರಿನ ಬೆಲೆಯಲ್ಲಿ ಜಗಳಕ್ಕೆ ಸಾಕಾಗುವಷ್ಟೇ. ದಾರದಿಂದ ಸಿಕ್ಕ ಬಾಗಿನ ಅಳತೆಗಳು 2, 5, 7, 5, 2, ಒಟ್ಟು 21 ಇಂಚು. ಹತ್ತು ಅಡಿ ಅಂತರದಿಂದ ಗುಣಿಸಿದರೆ ಬುಡದಲ್ಲಿ ನಿಜವಾಗಿ ಆಚೆ ಹೋದದ್ದು 17.5 ಚದರ ಅಡಿ, ಅಂದರೆ ಒಂದು ಸೆಂಟಿನ ನೂರು ಪಾಲಿನಲ್ಲಿ ನಾಲ್ಕು. ಒಂದು ಚಾಪೆ ಹಾಸುವಷ್ಟು ಜಾಗ.

ಮಾಸ್ಟ್ರು ಬಾಗಿದ ನಡುವಿನ 40 ಅಡಿಯನ್ನು ಬಿಚ್ಚಿಸಿ ದಾರದ ಅಳತೆಗೆ ಮತ್ತೆ ಕಟ್ಟಿಸಲು ಒಪ್ಪಿದರು, ಖರ್ಚು ಅವರದೇ. ಕೆಲಸದವರು ತಮ್ಮ ಅಂಗಳದಲ್ಲಿ ನಿಂತು ಕಲ್ಲು ಇಳಿಸಲು ಅಕ್ಕ ಒಪ್ಪಿದರು. ಬಚ್ಚಲಿನ ನೀರನ್ನು ಪೈಪಿನಲ್ಲಿ ರಸ್ತೆಯ ಬದಿಗೆ ತಿರುಗಿಸಬೇಕು ಎಂದು ನಾನು ಸೇರಿಸಿದೆ, ಇಲ್ಲದಿದ್ದರೆ ಹೊಸ ಗೋಡೆಯೂ ಅದೇ ದಾರಿ ಹಿಡಿಯುತ್ತಿತ್ತು. ನಾಲ್ಕು ಕಲ್ಲು, ಅವುಗಳ ನಡುವಿನ ಅಳತೆ, ಗಡಿಯ ಎರಡು ತುದಿ, ಎಲ್ಲವನ್ನೂ ಒಂದು ಹಾಳೆಯಲ್ಲಿ ಬರೆದು ಇಬ್ಬರೂ, ಇಬ್ಬರು ಸಾಕ್ಷಿಗಳೂ ಸಹಿ ಹಾಕಿದರು.

ನಿಮ್ಮ ಪರ್ಕಳದ ಜಾಗಕ್ಕೆ ಬರೋಣ. ಗೋಡೆ ಬಿದ್ದಿರುವುದರಿಂದ ವಾಲಿದ್ದನ್ನು ಈಗ ಅಳೆಯಲಾಗದು, ಪಂಚಾಂಗ ಮಾತ್ರ ಉಳಿದಿದೆ. ಪಂಚಾಂಗವನ್ನು ಗೋಡೆಗಿಂತ ಅಗಲವಾಗಿ, ಎರಡೂ ಬದಿಗೆ ಕೆಲವು ಇಂಚು ಹೊರಗೆ ಬರುವಂತೆ ಹಾಕುವುದು ರೂಢಿ. ಕೆಳಮನೆಯವರು ಅದರ ಹೊರ ಅಂಚಿನಿಂದ ಅಳೆದಿದ್ದರೆ ಅವರ ಒಂದೂವರೆ ಅಡಿಯಲ್ಲಿ ಸ್ವಲ್ಪ ಭಾಗ ಅಲ್ಲಿಂದಲೇ ಬಂದಿರಬಹುದು. ಆದರೆ ಅದನ್ನು ಸಣ್ಣದಾಗಿ ಮಾಡಿ ಹೇಳಬೇಡಿ. ಪಂಚಾಂಗ ಅವರ ಜಾಗದೊಳಗೆ ಇದ್ದರೆ ಅದೂ ಒತ್ತುವರಿಯೇ, ಮಣ್ಣಿನಡಿ ಇದ್ದ ಮಾತ್ರಕ್ಕೆ ಅಲ್ಲ ಎನ್ನಲಾಗದು. ಗೋಡೆ ಕುಳಿತಿದ್ದ ಅಂಚು ಪಂಚಾಂಗದ ಮೇಲೆ ಗಾರೆಯ ಗುರುತಿನಿಂದ ತಿಳಿಯುತ್ತದೆ. ಅದನ್ನು ತೊಳೆಸಿ, ಪಕ್ಕದಲ್ಲಿ ಟೇಪು ಇಟ್ಟು, ಎರಡೂ ತುದಿಯ ಕಲ್ಲುಗಳು ಕಾಣುವಂತೆ ಫೋಟೋ ತೆಗೆದಿಡಿ.

ಜಂಟಿ ಅಳತೆಗೆ ನೆರೆಯವರು ಒಪ್ಪಿದರೆ ಮೇಲೆ ಹೇಳಿದ ಕ್ರಮವೇ ಸಾಕು. ಪರವಾನಗಿ ಇರುವ ಒಬ್ಬ ಭೂಮಾಪಕರನ್ನು ಇಬ್ಬರೂ ಸೇರಿ, ಅರ್ಧರ್ಧ ಖರ್ಚಿನಲ್ಲಿ ಕರೆಸಿ. ಒಬ್ಬರೇ ಕರೆಸಿದ ಭೂಮಾಪಕರ ಮಾತನ್ನು ಇನ್ನೊಬ್ಬರು ಎಂದಿಗೂ ಪೂರ್ತಿ ನಂಬುವುದಿಲ್ಲ. ಉಕ್ಕಿನ ಟೇಪು ತರಲು ಹೇಳಿ, ಬಟ್ಟೆಯ ಟೇಪು ಎಳೆದಷ್ಟು ಹಿಗ್ಗುತ್ತದೆ. ಟೇಪಿನ ಸೊನ್ನೆ ಎಲ್ಲಿದೆ ಎಂದು ಮೊದಲೇ ನೋಡಿಕೊಳ್ಳಿ, ಕೆಲವು ಟೇಪುಗಳಲ್ಲಿ ಅದು ಬಳೆಯ ಹೊರ ಅಂಚಿನಲ್ಲಿದ್ದರೆ ಕೆಲವದರಲ್ಲಿ ಕೆಲವು ಇಂಚು ಒಳಗಿರುತ್ತದೆ. ಈ ದಾರಿಗೂ ಒಂದು ಮಿತಿ ಇದೆ. ಇರುವ ಗಡಿ ಎಲ್ಲಿದೆ ಎಂದು ಇಬ್ಬರೂ ಗುರುತಿಸಿ ಸಹಿ ಹಾಕುವುದು ಬೇರೆ, ಹೋಗಲಿ ಎಂದು ಅರ್ಧ ಅಡಿ ಬಿಟ್ಟುಕೊಡುವುದು ಬೇರೆ. ಎರಡನೆಯದು ಜಾಗದ ಹಸ್ತಾಂತರ, ಅದಕ್ಕೆ ನೋಂದಾಯಿತ ಪತ್ರ ಬೇಕು. ಬಿಳಿ ಹಾಳೆಯ ಸಹಿ ಸಾಲದು, ನಾಳೆ ಅವರು ಮಾರಿದರೆ ಕೊಂಡವರನ್ನು ಅದು ಕಟ್ಟಿಹಾಕುವುದಿಲ್ಲ.

ಅವರು ಒಪ್ಪದಿದ್ದರೆ ಹದ್ದುಬಸ್ತಿಗೆ ಅರ್ಜಿ ಕೊಡಿ. ಸರಕಾರಿ ಭೂಮಾಪಕರು ಅಕ್ಕಪಕ್ಕದವರಿಗೆ ನೋಟಿಸು ಕೊಟ್ಟು, ಇಲಾಖೆಯ ನಕ್ಷೆಯಿಂದ ಗಡಿ ಗುರುತಿಸುತ್ತಾರೆ. ಅರ್ಜಿ ಕೊಡುವ ಮೊದಲು ಒಂದು ವಿಷಯ ನೋಡಿ. ಹದ್ದುಬಸ್ತು ತೋರಿಸುವುದು ಸರ್ವೆ ನಂಬರಿನ ಅಥವಾ ಅದರ ಹಿಸ್ಸೆಯ ಗಡಿಯನ್ನು. ನಿಮ್ಮ ಹತ್ತು ಸೆಂಟ್ಸೂ ಅವರ ಜಾಗವೂ ಇನ್ನೂ ಪೋಡಿಯಾಗದೆ, ಅಂದರೆ ಸರ್ವೆ ದಾಖಲೆಯಲ್ಲಿ ಬೇರೆ ಬೇರೆ ತುಂಡುಗಳಾಗದೆ, ಒಂದೇ ಹಿಸ್ಸೆಯಲ್ಲಿದ್ದರೆ, ನಿಮ್ಮಿಬ್ಬರ ನಡುವಿನ ಗೆರೆ ಇಲಾಖೆಯ ನಕ್ಷೆಯಲ್ಲಿ ಇರುವುದೇ ಇಲ್ಲ. ಆಗ ಮೊದಲು ಪೋಡಿ ಆಗಬೇಕು, ಅದಕ್ಕೂ ನಿಮ್ಮಿಬ್ಬರ ಪತ್ರಗಳ ಅಳತೆಯೇ ಆಧಾರ.

ಕೋರ್ಟಿಗೆ ಹೋದರೂ ಕೊನೆಗೆ ನ್ಯಾಯಾಧೀಶರು ಕಮಿಷನರನ್ನು ನೇಮಿಸಿ, ಅವರು ಭೂಮಾಪಕರೊಡನೆ ನಿಮ್ಮ ಅಂಗಳಕ್ಕೆ ಬಂದು ಅಳೆಸುವ ಸಾಧ್ಯತೆಯೇ ಹೆಚ್ಚು. ಅಷ್ಟರಲ್ಲಿ ಎಷ್ಟು ಮಳೆಗಾಲ ಕಳೆದಿರುತ್ತದೆ ಎಂದು ಹೇಳಲಾರೆ, ಗೋಡೆಯಿಲ್ಲದ ಮೇಲಿನ ಮಣ್ಣು ಅಲ್ಲಿಯವರೆಗೆ ಕಾಯುವುದಿಲ್ಲ. ಹಾಗಾಗಿ ಯಾವ ದಾರಿ ಹಿಡಿದರೂ ಮುಂದಿನ ಮಳೆಗೆ ಮೊದಲು ನಿಮ್ಮ ಬದಿಯಲ್ಲಿ, ಪಂಚಾಂಗದಿಂದ ಎರಡು ಮೂರು ಅಡಿ ಒಳಗೆ, ಮರಳು ತುಂಬಿದ ಚೀಲಗಳನ್ನು ಜೋಡಿಸಿ ಮಣ್ಣನ್ನು ತಡೆಯಿರಿ, ಮೇಲಿನ ನೀರನ್ನು ಒಂದು ಚರಂಡಿ ತೆಗೆಸಿ ಬೇರೆ ಕಡೆಗೆ ತಿರುಗಿಸಿ. ಚೀಲಗಳನ್ನು ಪಂಚಾಂಗದ ಮೇಲೆ ಇಡಬೇಡಿ, ಅಳೆಯುವ ದಿನ ಅದು ಪೂರ್ತಿ ಕಾಣಬೇಕು.